ದೆಹಲಿ ನೋಡಲು ದಿನಕ್ಕೊಂದು ದಿಕ್ಕು

ಮೊದಲ ಸಲ ದೆಹಲಿಗೆ ಹೊರಟವರ ಕೈಯಲ್ಲಿ ಒಂದು ಪಟ್ಟಿ ಇದ್ದೇ ಇರುತ್ತದೆ. ಕೆಂಪು ಕೋಟೆ, ಕುತುಬ್ ಮಿನಾರ್, ಅಕ್ಷರಧಾಮ, ಇಂಡಿಯಾ ಗೇಟ್, ಲೋಟಸ್ ಟೆಂಪಲ್, ಹುಮಾಯೂನನ ಸಮಾಧಿ, ರಾಜಘಾಟ್. ಹೋಗಿಬಂದ ನೆಂಟರು ಹೇಳಿದ್ದು, ಮಕ್ಕಳು ಪಾಠದಲ್ಲಿ ಓದಿದ್ದು, ಮೊಬೈಲಿನಲ್ಲಿ ನೋಡಿದ್ದು ಎಲ್ಲವೂ ಅದರಲ್ಲಿ ಸೇರಿರುತ್ತದೆ. ಪಟ್ಟಿಯಲ್ಲಿ ತಪ್ಪೇನಿಲ್ಲ. ಆದರೆ ಅದು ಹೆಸರುವಾಸಿಯಾದದ್ದು ಮೊದಲು, ಉಳಿದದ್ದು ಆಮೇಲೆ ಎಂಬ ಕ್ರಮದಲ್ಲಿರುತ್ತದೆ. ನಾವು ಅದೇ ಕ್ರಮದಲ್ಲಿ ನೋಡಲು ಹೊರಟುಬಿಡುತ್ತೇವೆ. ದೆಹಲಿಯ ಅಲೆದಾಟ ಶುರುವಾಗುವುದೇ ಅಲ್ಲಿಂದ.

ಲೆಕ್ಕ ಹಾಕಿ ನೋಡಿ. ದಕ್ಷಿಣದಿಂದ ಹೋದವರು ಹೆಚ್ಚಾಗಿ ಇಳಿದುಕೊಳ್ಳುವ ಕರೋಲ್ ಬಾಗ್‌ನಿಂದ ಕೆಂಪು ಕೋಟೆಗೆ ಆರೇಳು ಕಿಲೋಮೀಟರ್. ಅದು ಊರಿನ ಉತ್ತರಕ್ಕಿದೆ. ಅಲ್ಲಿಂದ ನೇರ ದಕ್ಷಿಣದ ಕುತುಬ್ ಮಿನಾರಿಗೆ ಹೆಚ್ಚುಕಡಿಮೆ 18 ಕಿ.ಮೀ. ಕುತುಬ್‌ನಿಂದ ಯಮುನೆ ದಾಟಿ ಪೂರ್ವದ ಅಕ್ಷರಧಾಮಕ್ಕೆ 20ರ ಆಸುಪಾಸು. ಅಲ್ಲಿಂದ ಕೋಣೆಗೆ ಮರಳಲು ಮತ್ತೆ ಹದಿನೈದು. ಒಟ್ಟು 60 ಕಿ.ಮೀ. ಮುಟ್ಟುತ್ತದೆ. ದೆಹಲಿಯ ವಾಹನ ದಟ್ಟಣೆಯಲ್ಲಿ ಇಷ್ಟು ದೂರಕ್ಕೆ ಸುಲಭವಾಗಿ ಮೂರೂವರೆ, ನಾಲ್ಕು ಗಂಟೆ ಹಿಡಿಯುತ್ತದೆ. ನೋಡಿದ್ದು ಮೂರು ಜಾಗ. ಅದರಲ್ಲೂ ಎರಡನ್ನು ನೋಡುವಾಗ ಮನಸ್ಸೆಲ್ಲ ಗಡಿಯಾರದ ಮೇಲೆ.

ಈ ಅಲೆದಾಟ ತಪ್ಪಿಸಲು ಇರುವ ದಾರಿ ಒಂದೇ. ಪಟ್ಟಿಯನ್ನು ಬದಿಗಿಟ್ಟು ನಕಾಶೆ ತೆರೆಯಬೇಕು. ನೋಡಬೇಕಾದ ಒಂದೊಂದು ಜಾಗವನ್ನೂ ಮೊಬೈಲಿನ ನಕಾಶೆಯಲ್ಲಿ ಗುರುತು ಹಾಕುತ್ತಾ ಹೋಗಿ. ಇಳಿದುಕೊಳ್ಳುವ ಹೋಟೆಲನ್ನೂ ರೈಲು ನಿಲ್ದಾಣವನ್ನೂ ಮರೆಯಬೇಡಿ. ಎಲ್ಲ ಗುರುತುಗಳು ಒಟ್ಟಿಗೆ ಕಾಣುವಂತೆ ನಕಾಶೆಯನ್ನು ಚಿಕ್ಕದು ಮಾಡಿದರೆ ಅವು ಒಂದೇ ಸಮ ಹರಡಿಕೊಂಡಿಲ್ಲ, ಅಲ್ಲಲ್ಲಿ ಗುಂಪುಗೂಡಿವೆ ಎಂಬುದು ತಾನಾಗಿಯೇ ತಿಳಿಯುತ್ತದೆ. ಉತ್ತರದಲ್ಲೊಂದು ಗುಂಪು, ನಡುವೆ ಒಂದು ದೊಡ್ಡ ಗುಂಪು, ದಕ್ಷಿಣದಲ್ಲೊಂದು, ನದಿಯಾಚೆ ಒಂಟಿಯಾಗಿ ಅಕ್ಷರಧಾಮ. ದಿನಕ್ಕೆ ಒಂದೇ ಗುಂಪು. ಒಂದು ದಿನದಲ್ಲಿ ಇನ್ನೊಂದು ಗುಂಪಿನ ಜಾಗ ಎಷ್ಟೇ ಆಸೆ ಹುಟ್ಟಿಸಿದರೂ ಅತ್ತ ಹೋಗಬಾರದು.

ದೆಹಲಿ ಹೀಗೆ ಗುಂಪುಗುಂಪಾಗಿರುವುದಕ್ಕೆ ಕಾರಣವಿದೆ. ಅದು ಒಂದೇ ಊರಾಗಿ ಬೆಳೆದದ್ದಲ್ಲ. ಬಂದ ಅರಸರೆಲ್ಲ ಹಳೆಯ ಕೋಟೆ ಬಿಟ್ಟು ಬೇರೆ ಕಡೆ ಹೊಸ ರಾಜಧಾನಿ ಕಟ್ಟುತ್ತಾ ಹೋದರು. ಕುತುಬ್ ಮಿನಾರ್ ಇರುವ ಮೆಹ್ರೌಲಿ ಅತ್ಯಂತ ಹಳೆಯದು. ಅಲ್ಲಾವುದ್ದೀನ್ ಖಿಲ್ಜಿ ಅದರ ಈಶಾನ್ಯಕ್ಕೆ ಸಿರಿ ಎಂಬ ಕೋಟೆ ಕಟ್ಟಿಸಿದ. ತುಘಲಕರು ಆಗ್ನೇಯದಲ್ಲಿ ತುಘಲಕಾಬಾದ್ ಎಬ್ಬಿಸಿದರು. ಷಹಜಹಾನ್ ಉತ್ತರಕ್ಕೆ ಬಂದು 1639ರಲ್ಲಿ ಕೆಂಪು ಕೋಟೆಗೆ ಅಡಿಪಾಯ ಹಾಕಿಸಿದ. ಬ್ರಿಟಿಷರು 1911ರಲ್ಲಿ ರಾಜಧಾನಿಯನ್ನು ಕಲ್ಕತ್ತೆಯಿಂದ ಇಲ್ಲಿಗೆ ತರುವುದಾಗಿ ಸಾರಿ, ಹಳೆಯ ಎರಡರ ನಡುವಿನ ಬಯಲಲ್ಲಿ ನವದೆಹಲಿ ಕಟ್ಟಿ 1931ರಲ್ಲಿ ಉದ್ಘಾಟಿಸಿದರು. ಹಾಗಾಗಿ ದೆಹಲಿಯಲ್ಲಿ ದಿಕ್ಕು ಬದಲಾದರೆ ಕಾಲವೂ ಬದಲಾಗುತ್ತದೆ. ದಕ್ಷಿಣಕ್ಕೊಂದು ದಿನ ಕೊಟ್ಟರೆ ಸುಲ್ತಾನರ ದೆಹಲಿ, ಉತ್ತರಕ್ಕೊಂದು ದಿನ ಕೊಟ್ಟರೆ ಮೊಗಲರ ದೆಹಲಿ. ದಿಕ್ಕಿನ ಪ್ರಕಾರ ನೋಡಿದವರಿಗೆ ಪೆಟ್ರೋಲು, ಸಮಯ ಉಳಿಯುವುದರ ಜೊತೆಗೆ ಚರಿತ್ರೆಯೂ ಒಂದು ಸಾಲಿನಲ್ಲಿ ಅರ್ಥವಾಗುತ್ತದೆ. ಬೆಳಿಗ್ಗೆ ಐಬಕ್, ಮಧ್ಯಾಹ್ನ ಷಹಜಹಾನ್, ಸಂಜೆ ಲುಟ್ಯೆನ್ಸ್ ಎಂದು ಓಡಿದ ಮಗುವಿನ ತಲೆಯಲ್ಲಿ ಎಲ್ಲವೂ ಒಂದೇ ಕೆಂಪು ಕಲ್ಲಾಗಿ ಉಳಿಯುತ್ತದೆ.

ನಕಾಶೆಯನ್ನು ನಂಬುವಾಗ ಒಂದು ಎಚ್ಚರಿಕೆ ಬೇಕು. ಹತ್ತಿರ ಕಂಡದ್ದೆಲ್ಲ ಹತ್ತಿರವಲ್ಲ. ಹುಮಾಯೂನನ ಸಮಾಧಿಯಿಂದ ಅಕ್ಷರಧಾಮಕ್ಕೆ ಗೆರೆ ಎಳೆದರೆ ಮೂರೂವರೆ ಕಿ.ಮೀ. ಇರಬಹುದು. ಆದರೆ ನಡುವೆ ಯಮುನೆ ಇದೆ, ಸೇತುವೆ ಹಿಡಿದು ಸುತ್ತಿ ಹೋಗುವಾಗ ದೂರ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಸಂಜೆ ಕಚೇರಿ ಬಿಡುವ ಹೊತ್ತಿನಲ್ಲಿ ಆ ಸೇತುವೆಯ ಮೇಲೆ ನಿಂತವರಿಗೇ ಗೊತ್ತು. ಇದಕ್ಕೆ ತದ್ವಿರುದ್ಧವಾದದ್ದೂ ಉಂಟು. ಕರೋಲ್ ಬಾಗ್‌ನಿಂದ ಅಕ್ಷರಧಾಮ ನಕಾಶೆಯಲ್ಲಿ ಎಲ್ಲೋ ದೂರ ಕಾಣುತ್ತದೆ. ಆದರೆ ಎರಡೂ ಮೆಟ್ರೊದ ನೀಲಿ ಮಾರ್ಗದಲ್ಲೇ ಇವೆ. ನೋಯ್ಡಾ ಕಡೆ ಹೋಗುವ ಗಾಡಿ ಹತ್ತಿ ಕುಳಿತರೆ ಎಲ್ಲೂ ಬದಲಿಸದೆ ದೇವಸ್ಥಾನದ ಬಳಿ ಇಳಿಯಬಹುದು. ಆದ್ದರಿಂದ ಗುಂಪು ಮಾಡುವಾಗ ಕಿಲೋಮೀಟರ್ ಎಣಿಸಬೇಡಿ, ನಿಮಿಷ ಎಣಿಸಿ. ನಕಾಶೆಯಲ್ಲಿ ದಾರಿ ಕೇಳುವಾಗ ನೀವು ನಿಜಕ್ಕೂ ಹೊರಡುವ ಹೊತ್ತನ್ನೇ ಕೊಟ್ಟು, ಮೆಟ್ರೊ ಮತ್ತು ರಸ್ತೆ ಎರಡನ್ನೂ ಕೇಳಿ.

ಮೆಟ್ರೊ ನಿಲ್ದಾಣದ ಹೆಸರನ್ನೂ ಪೂರ್ತಿ ನಂಬಲಾಗದು. ಲಾಲ್ ಕಿಲಾ ನಿಲ್ದಾಣದಿಂದ ಮೇಲೆ ಬಂದರೆ ಕೋಟೆ ಕಣ್ಣೆದುರೇ ಇರುತ್ತದೆ. ಕುತುಬ್ ಮಿನಾರ್ ನಿಲ್ದಾಣದಲ್ಲಿ ಇಳಿದರೆ ಮಿನಾರಿಗೆ ಇನ್ನೂ ಒಂದೂವರೆ ಕಿ.ಮೀ.ಗಿಂತ ಹೆಚ್ಚು ದೂರ. ವಯಸ್ಸಾದವರಿದ್ದರೆ ಆಟೊ ಬೇಕೇ ಬೇಕು.

ಇಷ್ಟಾದ ಮೇಲೂ ಗುಂಪುಗಳನ್ನು ಬುಡಮೇಲು ಮಾಡುವುದು ವಾರದ ರಜೆ. ದೆಹಲಿಯಲ್ಲಿ ಸೋಮವಾರ ಕೆಂಪು ಕೋಟೆ ಮುಚ್ಚಿರುತ್ತದೆ. ಅಕ್ಷರಧಾಮ, ಲೋಟಸ್ ಟೆಂಪಲ್, ರಾಷ್ಟ್ರೀಯ ವಸ್ತುಸಂಗ್ರಹಾಲಯ, ಗಾಂಧೀಜಿ ಕೊನೆಯುಸಿರೆಳೆದ ಗಾಂಧಿ ಸ್ಮೃತಿ, ತೀನ್ ಮೂರ್ತಿಯ ಪ್ರಧಾನಮಂತ್ರಿ ಸಂಗ್ರಹಾಲಯ ಎಲ್ಲಕ್ಕೂ ಅಂದೇ ರಜೆ. ಕುತುಬ್ ಮಿನಾರ್, ಹುಮಾಯೂನನ ಸಮಾಧಿ, ಲೋಧಿ ಉದ್ಯಾನ, ಬಾಂಗ್ಲಾ ಸಾಹಿಬ್ ಗುರುದ್ವಾರ, ಇಂಡಿಯಾ ಗೇಟ್ ತೆರೆದಿರುತ್ತವೆ. ಆಗ್ರಾಕ್ಕೂ ಹೋಗುವವರಿಗೆ ಶುಕ್ರವಾರ ಬೇಡ, ತಾಜ್ ಮಹಲಿಗೆ ಅಂದು ಬಾಗಿಲು. ಚಾಂದನಿ ಚೌಕದ ಅಂಗಡಿಗಳು ಹೆಚ್ಚಾಗಿ ಭಾನುವಾರ ತೆರೆಯುವುದಿಲ್ಲ. ಸೀರೆ ನೋಡಬೇಕೆಂದು ಹೋದ ಹೆಣ್ಣುಮಕ್ಕಳು ಸಾಲಾಗಿ ಎಳೆದ ಶಟರ್ ನೋಡಿ ಬರಬೇಕಾಗುತ್ತದೆ. ಆದ್ದರಿಂದ ಮೊದಲು ದಿಕ್ಕಿನ ಪ್ರಕಾರ ಗುಂಪು ಮಾಡಿ. ಆಮೇಲೆ ಒಂದೊಂದು ಗುಂಪಿನ ಪಕ್ಕದಲ್ಲೂ ಅದಕ್ಕೆ ಆಗದ ವಾರವನ್ನು ಬರೆದುಕೊಳ್ಳಿ. ಯಾವ ದಿನ ಯಾವ ದಿಕ್ಕು ಎಂಬುದು ಅದರಿಂದಲೇ ಮುಕ್ಕಾಲುಪಾಲು ತೀರ್ಮಾನವಾಗುತ್ತದೆ.

ಒಂದು ಕುಟುಂಬವನ್ನೇ ಇಟ್ಟುಕೊಂಡು ನೋಡೋಣ. ದಾವಣಗೆರೆಯಿಂದ ಆರು ಜನ: ಅಜ್ಜ, ಅಜ್ಜಿ, ಗಂಡ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಶನಿವಾರ ಬೆಳಿಗ್ಗೆ ನವದೆಹಲಿ ನಿಲ್ದಾಣದಲ್ಲಿ ಇಳಿಯುತ್ತಾರೆ, ಮಂಗಳವಾರ ರಾತ್ರಿ ಅಲ್ಲಿಂದಲೇ ರೈಲು. ವಾಸ ಕರೋಲ್ ಬಾಗ್‌ನಲ್ಲಿ. ನಾಲ್ಕು ದಿನ, ನಾಲ್ಕು ಗುಂಪು. ಆದರೆ ಸೋಮವಾರ ನಡುವೆ ಬಂದು ಕೂತಿದೆ.

ಸೋಮವಾರವನ್ನೇ ಮೊದಲು ಬಗೆಹರಿಸಬೇಕು. ಕೆಂಪು ಕೋಟೆ ಇರುವ ಉತ್ತರದ ಗುಂಪು ಅಂದು ಆಗದು. ಅಕ್ಷರಧಾಮ ಆಗದು. ದಕ್ಷಿಣದಲ್ಲಿ ಕುತುಬ್ ತೆರೆದಿದ್ದರೂ ಲೋಟಸ್ ಟೆಂಪಲ್ ಇಲ್ಲ. ಉಳಿದದ್ದು ನಡುವಿನ ಗುಂಪು. ಅಲ್ಲಿ ವಸ್ತುಸಂಗ್ರಹಾಲಯಗಳು ಮುಚ್ಚಿದ್ದರೂ ಬಯಲಿನಲ್ಲಿ ನೋಡುವಂಥವು ಬೇಕಾದಷ್ಟಿವೆ. ಹಾಗಾಗಿ ಸೋಮವಾರ ನವದೆಹಲಿ. ಚಾಂದನಿ ಚೌಕದಲ್ಲಿ ಅಂಗಡಿ ತೆರೆದಿರಬೇಕೆಂದರೆ ಹಳೆಯ ದೆಹಲಿಗೆ ಭಾನುವಾರವೂ ಬೇಡ, ಮಂಗಳವಾರವೇ ಸರಿ. ಅದಕ್ಕೆ ಇನ್ನೊಂದು ಅನುಕೂಲವೂ ಇದೆ. ನವದೆಹಲಿ ರೈಲು ನಿಲ್ದಾಣ ಹಳೆಯ ದೆಹಲಿಯ ಪಕ್ಕದಲ್ಲೇ ಇದೆ. ಹೊರಡುವ ದಿನ ಯಾವತ್ತೂ ನಿಲ್ದಾಣಕ್ಕೆ ಹತ್ತಿರವಿರುವ ಗುಂಪನ್ನೇ ಇಟ್ಟುಕೊಳ್ಳಬೇಕು. ಉಳಿದದ್ದು ಶನಿವಾರ ಅಕ್ಷರಧಾಮ, ಭಾನುವಾರ ದಕ್ಷಿಣ.

ಶನಿವಾರ ರೈಲಿನಲ್ಲಿ ಬಂದ ಆಯಾಸವಿರುತ್ತದೆ. ಸ್ನಾನ, ಊಟ, ಒಂದು ನಿದ್ದೆ ಮುಗಿಸಿ ಮಧ್ಯಾಹ್ನ ಮೂರಕ್ಕೆ ಹೊರಟು ಒಂದೇ ಮೆಟ್ರೊ ಹಿಡಿದು ಅಕ್ಷರಧಾಮಕ್ಕೆ ಹೋದರೆ ಸಾಕು. ಅಂದು ಬೇರೇನೂ ಬೇಡ. ಒಳಗೆ ಮೊಬೈಲ್, ಕ್ಯಾಮೆರಾ, ಚೀಲ ಯಾವುದನ್ನೂ ಬಿಡುವುದಿಲ್ಲ. ಅವನ್ನು ಠೇವಣಿ ಇಡಲು ಸಾಲು, ತಪಾಸಣೆಗೆ ಇನ್ನೊಂದು ಸಾಲು. ಚೀಲಗಳನ್ನೆಲ್ಲ ಕೋಣೆಯಲ್ಲೇ ಬಿಟ್ಟು ಹೋದರೆ ಅರ್ಧ ಗಂಟೆಯಾದರೂ ಉಳಿಯುತ್ತದೆ. ಕೈಯಲ್ಲಿ ಫೋನ್ ಇಲ್ಲದಿರುವುದರಿಂದ, ಒಬ್ಬರಿಂದೊಬ್ಬರು ತಪ್ಪಿಹೋದರೆ ಎಲ್ಲಿ ಸೇರಬೇಕೆಂದು ಮಕ್ಕಳಿಗೂ ಅಜ್ಜ ಅಜ್ಜಿಗೂ ಒಳಗೆ ಹೋಗುವ ಮೊದಲೇ ಹೇಳಿರಬೇಕು. ಕತ್ತಲಾದ ಮೇಲೆ ನಡೆಯುವ ನೀರಿನ ಕಾರಂಜಿಯ ಪ್ರದರ್ಶನ ನೋಡಿ ಅದೇ ಮಾರ್ಗದಲ್ಲಿ ವಾಪಸು. ಈ ಜಾಗವನ್ನು ಇನ್ನೊಂದು ಗುಂಪಿನ ಬಾಲಕ್ಕೆ ಕಟ್ಟಿದವರು ಸಂಜೆ ಪ್ರವೇಶ ನಿಲ್ಲಿಸುವ ಹೊತ್ತಿಗೆ ಬಾಗಿಲ ಬಳಿ ಬಂದು ನಿಲ್ಲುತ್ತಾರೆ.

ಭಾನುವಾರ ದಕ್ಷಿಣ. ಬೆಳಗ್ಗೆಯೇ ಅತಿ ದೂರದ ಜಾಗಕ್ಕೆ ಹೋಗಿಬಿಡಬೇಕು, ಅಲ್ಲಿಂದ ಕೋಣೆಯ ಕಡೆಗೆ ನೋಡುತ್ತಾ ಬರಬೇಕು. ನೀಲಿ ಮಾರ್ಗದಲ್ಲಿ ರಾಜೀವ್ ಚೌಕ, ಅಲ್ಲಿ ಹಳದಿ ಮಾರ್ಗಕ್ಕೆ ಬದಲಿಸಿ ಕುತುಬ್ ಮಿನಾರ್. ಭಾನುವಾರದ ಜನ ಸೇರುವ ಮೊದಲೇ ಮುಟ್ಟಿದರೆ ಎಳೆ ಬಿಸಿಲಲ್ಲಿ 72 ಮೀಟರ್ ದಾಟಿ ನಿಂತ ಆ ಮಿನಾರಿನ ಕೆತ್ತನೆಯ ಅಕ್ಷರಗಳೂ ಸ್ಪಷ್ಟ ಕಾಣುತ್ತವೆ. ಕನ್ನಡಿಗರು ಅಲ್ಲಿ ಅಲಾಯಿ ದರ್ವಾಜಾ ಎಂಬ ಹೆಬ್ಬಾಗಿಲ ಮುಂದೆ ಒಂದು ಗಳಿಗೆ ನಿಲ್ಲಬೇಕೆಂದು ನನ್ನ ಆಸೆ. ಅಲ್ಲಾವುದ್ದೀನ್ ಖಿಲ್ಜಿ ಅದನ್ನು ಕಟ್ಟಿಸಿದ್ದು 1311ರಲ್ಲಿ. ಅವನ ಸೇನಾಪತಿ ಮಲಿಕ್ ಕಾಫೂರ್ ಹೊಯ್ಸಳರ ದ್ವಾರಸಮುದ್ರದ ಮೇಲೆ, ಅಂದರೆ ನಮ್ಮ ಹಳೇಬೀಡಿನ ಮೇಲೆ ಎರಗಿದ್ದೂ ಅದೇ ವರ್ಷ. ಮಕ್ಕಳಿಗೆ ಇದನ್ನು ಅಲ್ಲೇ ನಿಂತು ಹೇಳಿದರೆ ಪಾಠ ಮರೆಯುವುದಿಲ್ಲ.

ಕುತುಬ್‌ನಿಂದ ಲೋಟಸ್ ಟೆಂಪಲ್‌ಗೆ ಟ್ಯಾಕ್ಸಿ ಬೇಡ. ಹಳದಿ ಮಾರ್ಗದಲ್ಲಿ ಹಿಂದಕ್ಕೆ ಮೂರೇ ನಿಲ್ದಾಣ ಬಂದರೆ ಹೌಜ್ ಖಾಸ್, ಅಲ್ಲಿ ಮೆಜೆಂಟಾ ಮಾರ್ಗಕ್ಕೆ ಬದಲಿಸಿ ಐದನೆಯ ನಿಲ್ದಾಣ ಕಾಲ್ಕಾಜಿ ಮಂದಿರ. ಒಂದು ಕಡೆ ಕಾಲ್ಕಾಜಿ ಅಮ್ಮನ ಗುಡಿ, ಇನ್ನೊಂದು ಕಡೆ ಲೋಟಸ್ ಟೆಂಪಲ್, ಎರಡೂ ನಡೆದು ಹೋಗುವಷ್ಟು ದೂರ. ಸಂಜೆ ಅದೇ ದಾರಿಯಲ್ಲಿ ಹೌಜ್ ಖಾಸ್‌ಗೆ ಮರಳಿ, ಹಳದಿ ಮಾರ್ಗದಲ್ಲಿ ಕೋಣೆಯ ದಿಕ್ಕಿಗೇ ಮೂರು ನಿಲ್ದಾಣ ಬಂದರೆ ಐಎನ್‌ಎ. ಅಲ್ಲಿ ದಿಲ್ಲಿ ಹಾತ್. ಬೇರೆ ಬೇರೆ ರಾಜ್ಯಗಳ ಕರಕುಶಲ ವಸ್ತು, ತಿಂಡಿ ಒಂದೇ ಕಡೆ. ಊಟ ಅಲ್ಲೇ ಆಗುತ್ತದೆ. ಇಡೀ ದಿನ ಒಂದು ಸಲವೂ ದಿಕ್ಕು ತಿರುಗಿಸಿ ಊರು ಅಡ್ಡ ಹಾಯಲಿಲ್ಲ ಎಂಬುದನ್ನು ಗಮನಿಸಿ.

ಸೋಮವಾರ ಬೆಳಿಗ್ಗೆ ಹುಮಾಯೂನನ ಸಮಾಧಿ. ತಾಜ್ ಮಹಲಿಗಿಂತ ಹಳೆಯದು, ಅದರ ಹಿರಿಯಕ್ಕನಂತೆ ಕಾಣುವ ಕಟ್ಟಡ. ಅಲ್ಲಿಂದ ಆಟೊದಲ್ಲಿ ಲೋಧಿ ಉದ್ಯಾನ. ಅಜ್ಜ ಅಜ್ಜಿ ಮರದ ನೆರಳಲ್ಲಿ ಕೂರಬಹುದು, ಮಕ್ಕಳು ಹಳೆಯ ಗುಮ್ಮಟಗಳ ಸುತ್ತ ಓಡಾಡಬಹುದು. ಮಧ್ಯಾಹ್ನದ ಊಟ ಎಲ್ಲಿ ಎಂಬ ಪ್ರಶ್ನೆ ಇಲ್ಲಿ ಬರುತ್ತದೆ. ನಮ್ಮವರ ದಿನ ಅಡ್ಡಾದಿಡ್ಡಿಯಾಗುವುದು ಎಷ್ಟೋ ಸಲ ಊಟದಿಂದ. ಅನ್ನ ಸಾರು ಬೇಕೆಂದು ಹತ್ತು ಕಿ.ಮೀ. ಹೋಗಿ, ಉಂಡು, ಮತ್ತೆ ಹತ್ತು ಕಿ.ಮೀ. ವಾಪಸು ಬರುತ್ತಾರೆ. ಊಟದ ಜಾಗವನ್ನೂ ಆ ದಿನದ ಗುಂಪಿನಲ್ಲೇ ಮೊದಲೇ ಗುರುತು ಹಾಕಿಟ್ಟರೆ ಈ ಕಷ್ಟವಿಲ್ಲ. ಸೋಮವಾರದ ಗುಂಪಿನಲ್ಲಿ ಬಾಂಗ್ಲಾ ಸಾಹಿಬ್ ಗುರುದ್ವಾರವಿದೆ. ತಲೆಗೆ ಬಟ್ಟೆ ಕಟ್ಟಿಕೊಂಡು, ಕಾಲು ತೊಳೆದು ಒಳಗೆ ಹೋಗಿ ಸಾಲಿನಲ್ಲಿ ಕುಳಿತರೆ ಬಿಸಿ ರೊಟ್ಟಿ, ದಾಲ್ ಬಡಿಸುತ್ತಾರೆ, ಹಣ ಕೇಳುವುದಿಲ್ಲ. ಅನ್ನವೇ ಬೇಕೆನ್ನುವವರಿಗೆ ಪಕ್ಕದ ಕನಾಟ್ ಪ್ಲೇಸ್‌ನಲ್ಲಿ ದಕ್ಷಿಣದ ಹೋಟೆಲುಗಳಿವೆ. ಜೈಪುರದ ಜೈಸಿಂಗ್ ಕಟ್ಟಿಸಿದ ಜಂತರ್ ಮಂತರ್ ಕೂಡ ಅಲ್ಲೇ. ಇಂಡಿಯಾ ಗೇಟ್ ಮತ್ತು ರಾಷ್ಟ್ರೀಯ ಯುದ್ಧ ಸ್ಮಾರಕವನ್ನು ದೀಪ ಹತ್ತುವ ಹೊತ್ತಿಗೆ ಉಳಿಸಿಕೊಳ್ಳಿ. ಬಿಸಿಲೂ ಇರುವುದಿಲ್ಲ, ನೋಟವೂ ಚೆನ್ನ.

ಮಂಗಳವಾರ ಕೋಣೆ ಖಾಲಿ ಮಾಡಿ, ಸಾಮಾನನ್ನು ನವದೆಹಲಿ ನಿಲ್ದಾಣದ ಕ್ಲೋಕ್ ರೂಮಿನಲ್ಲಿಟ್ಟು ಕೈಬೀಸಿಕೊಂಡು ಹೊರಡಬೇಕು. ಕೆಂಪು ಕೋಟೆ ಬೆಳಿಗ್ಗೆ. ಹೊರಬಂದರೆ ಎದುರಿಗೇ ಕೆಂಪು ಶಿಖರಗಳ ದಿಗಂಬರ ಜೈನ ಮಂದಿರ, ಅದರ ಆವರಣದಲ್ಲಿ ಗಾಯಗೊಂಡ ಹಕ್ಕಿಗಳ ಆಸ್ಪತ್ರೆ. ಅಲ್ಲಿಂದ ಚಾಂದನಿ ಚೌಕದ ನೇರ ಬೀದಿ. 2021ರಿಂದ ಈ ಬೀದಿಯಲ್ಲಿ ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಮೋಟಾರು ವಾಹನಗಳನ್ನು ಬಿಡುವುದಿಲ್ಲ. ಕಾರು ಮಾಡಿಕೊಂಡು ಬಂದವರೂ ನಡೆಯಲೇಬೇಕು, ಇಲ್ಲವೇ ಸೈಕಲ್ ರಿಕ್ಷಾ. ಸೀಸ್‌ಗಂಜ್ ಗುರುದ್ವಾರಕ್ಕೆ ಕೈಮುಗಿದು, ಮುಂದೆ ಎಡಕ್ಕೆ ಪರಾಠೆವಾಲಿ ಗಲ್ಲಿಯಲ್ಲಿ ತುಪ್ಪದಲ್ಲಿ ಕರಿದ ಪರಾಠಾ ತಿಂದು, ಆ ಗಲ್ಲಿಯಿಂದಲೇ ಕಿನಾರಿ ಬಜಾರಿಗೆ ಹೊರಳಬೇಕು. ಜರಿ, ಲೇಸು, ಮದುವೆಯ ಅಲಂಕಾರದ ಸಾಮಾನು ಕೈಗೆ ತಾಕುವಷ್ಟು ಇಕ್ಕಟ್ಟಾಗಿ ತೂಗುಹಾಕಿರುತ್ತಾರೆ. ಅದು ಬೆಳ್ಳಿ ಅಂಗಡಿಗಳ ದರೀಬಾ ಬೀದಿಗೆ ಕೂಡುತ್ತದೆ, ದರೀಬಾ ಜಾಮಾ ಮಸೀದಿಯ ಕಡೆಗೆ ಒಯ್ಯುತ್ತದೆ. ಬಂದ ದಾರಿಯಲ್ಲಿ ಹಿಂದಿರುಗುವ ಪ್ರಮೇಯವೇ ಇಲ್ಲ. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಮಸೀದಿಯೊಳಗೆ ನೋಡುಗರನ್ನು ಬಿಡುವುದಿಲ್ಲ. ಪರಾಠಾ, ಪೇಟೆ ಎರಡನ್ನೂ ಆ ಹೊತ್ತಿಗೆ ಹೊಂದಿಸಿಕೊಂಡರೆ ಕಾಯುವುದು ತಪ್ಪುತ್ತದೆ. ಹೊತ್ತು ಉಳಿದರೆ ಆಟೊ ಹಿಡಿದು ರಾಜಘಾಟ್. ಇಲ್ಲವಾದರೆ ನಡೆದು ಚಾವ್ಡಿ ಬಜಾರ್ ಮೆಟ್ರೊ. ಅಲ್ಲಿಂದ ನವದೆಹಲಿ ರೈಲು ನಿಲ್ದಾಣ ಒಂದೇ ನಿಲುಗಡೆ.

ಈ ಪದ್ಧತಿಗೂ ಮಿತಿಗಳಿವೆ. ಗುಂಪು ಮಾಡಿದ ಕೂಡಲೇ ಹುಟ್ಟುವ ಆಸೆ ಇನ್ನಷ್ಟು ತುರುಕುವುದು. "ಹೇಗೂ ಇಲ್ಲೇ ಇದ್ದೇವಲ್ಲ, ಅದನ್ನೂ ನೋಡಿಬಿಡೋಣ" ಎನ್ನುತ್ತಾ ಮೆಹ್ರೌಲಿಯಲ್ಲೇ ಐದಾರು ಸಮಾಧಿ ಸುತ್ತಿಸಿದರೆ ಮಧ್ಯಾಹ್ನಕ್ಕೆ ಮಕ್ಕಳು ಕಲ್ಲು ಕಂಡರೆ ಮುಖ ತಿರುಗಿಸುತ್ತಾರೆ. ಬೆಳಿಗ್ಗೆ ಒಂದು ದೊಡ್ಡದು, ಸಂಜೆ ಒಂದು ದೊಡ್ಡದು, ನಡುವೆ ಕೂರುವ ಜಾಗ ಒಂದು. ಕುಟುಂಬಕ್ಕೆ ಇದಕ್ಕಿಂತ ಹೆಚ್ಚು ಹಿಡಿಸದು. ಒಂದೇ ಬಗೆಯವು ಒಂದೇ ದಿನ ಬಿದ್ದರೆ ಎರಡರಲ್ಲಿ ಒಂದನ್ನು ಕೈಬಿಡುವುದೇ ಲೇಸು.

ಇನ್ನು ಹೊತ್ತು ಗೊತ್ತುಮಾಡಿದ ಟಿಕೆಟ್. ರಾಷ್ಟ್ರಪತಿ ಭವನವನ್ನು ಒಳಗೆ ನೋಡಲು ಆನ್‌ಲೈನ್‌ನಲ್ಲಿ ಮುಂಚಿತವಾಗಿ ದಿನ, ಗಂಟೆ ಕಾದಿರಿಸಬೇಕು. ಸೋಮವಾರ ಅದು ಇಲ್ಲ. ಅಂಥದ್ದು ಸಿಕ್ಕಿದ ದಿನವೇ ನವದೆಹಲಿಯ ಗುಂಪನ್ನು ಅದರ ಸುತ್ತ ಕಟ್ಟಿ, ಉಳಿದ ದಿನಗಳನ್ನು ಅದಕ್ಕೆ ತಕ್ಕಂತೆ ಸರಿಸಿ. ಬದಲಿಸಲಾಗದ್ದು ಮೊದಲು ಕೂರಬೇಕು, ಬದಲಿಸಬಹುದಾದದ್ದು ಅದರ ಸುತ್ತ. ಜನವರಿಯಲ್ಲಿ ಗಣರಾಜ್ಯೋತ್ಸವದ ತಾಲೀಮು ನಡೆಯುವಾಗ ಕರ್ತವ್ಯ ಪಥದ ಸುತ್ತಲ ರಸ್ತೆಗಳು ಬಂದ್ ಆಗುತ್ತವೆ. ಆಗಸ್ಟ್ 15ಕ್ಕೆ ಮುಂಚೆ ಕೆಲವು ದಿನ ಕೆಂಪು ಕೋಟೆಗೆ ಸಾರ್ವಜನಿಕರನ್ನು ಬಿಡುವುದಿಲ್ಲ. ಡಿಸೆಂಬರ್, ಜನವರಿಯ ಮಂಜಿನಲ್ಲಿ ಬೆಳಗಿನ ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ. ಬಂದಿಳಿಯುವ ದಿನಕ್ಕೆ ಹಗುರವಾದ ಗುಂಪನ್ನೇ ಇಡಬೇಕು ಎನ್ನುವುದು ಇದಕ್ಕೇ.

ಟ್ಯಾಕ್ಸಿ ಮಾಡಿಕೊಳ್ಳುವವರಿಗೆ ಒಂದು ಮಾತು. ಒಂದೇ ದಿನದಲ್ಲಿ ದೆಹಲಿ ಪೂರ್ತಿ ತೋರಿಸುತ್ತೇನೆಂದು ಎಂಟು ಜಾಗ ಪಟಪಟನೆ ಹೇಳುವವರು ಸಿಗುತ್ತಾರೆ. ಅದರಲ್ಲಿ ಎಷ್ಟನ್ನು ಒಳಗೆ ಹೋಗಿ ನೋಡಲು ಬಿಡುತ್ತೀರಿ, ಎಷ್ಟನ್ನು ಕಾರಿನಿಂದಲೇ ತೋರಿಸುತ್ತೀರಿ ಎಂದು ಕೇಳಿ. ನೀವೇ ಬರೆದ ಆ ದಿನದ ಗುಂಪನ್ನು ಬೆಳಿಗ್ಗೆಯೇ ಅವರ ಕೈಗೆ ಕೊಟ್ಟು ಈ ಕ್ರಮದಲ್ಲೇ ಹೋಗಬೇಕೆಂದು ಹೇಳಿದರೆ ಹೆಚ್ಚಿನ ಚಾಲಕರು ಸಂತೋಷದಿಂದಲೇ ಒಪ್ಪುತ್ತಾರೆ. ಅವರಿಗೂ ಸುತ್ತಾಟ ಕಡಿಮೆ.

ಊರು ಯಾವುದಾದರೂ ಇರಲಿ, ರೈಲಿನ ಟಿಕೆಟ್ ತೆಗೆಯುವ ಮುನ್ನ ಒಂದು ಸಂಜೆ ಮನೆಯವರೆಲ್ಲ ಕೂತು ಈ ಗುಂಪುಗಳನ್ನು ಬರೆದುಕೊಳ್ಳಿ. ಯಾವ ವಾರ ಹೊರಟು ಯಾವ ವಾರ ಮರಳಬೇಕೆಂಬುದನ್ನು ಗುಂಪುಗಳೇ ಹೇಳುತ್ತವೆ. ಟಿಕೆಟ್ ಆದ ಮೇಲೆ ಸೋಮವಾರವನ್ನು ಕದಲಿಸಲು ಆಗುವುದಿಲ್ಲ.